ಗುಂಪು ಚರ್ಚೆಯಲ್ಲಿ ಮಾತಿನೊಳಗೆ ಹೋಗುವ ಬಾಗಿಲು ಎಲ್ಲಿದೆ?

ಪ್ರಶ್ನೆ (ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ, ಪುಣೆ):
ಎಲ್ಲರಿಗೂ ನಮಸ್ಕಾರ. ನಮ್ಮದು ಜತ್ತ ತಾಲ್ಲೂಕು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಳೆದ ವಾರ ಕಾಲೇಜಿಗೆ ಬಂದ ಕಂಪನಿಯೊಂದು ಗುಂಪು ಚರ್ಚೆ ನಡೆಸಿತು. ಹತ್ತು ಜನ, ಹನ್ನೆರಡು ನಿಮಿಷ. ನಗರದ ಒಳಭಾಗಕ್ಕೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಬೇಕೇ ಎಂಬುದು ವಿಷಯ. ಹೇಳಲು ನನ್ನಲ್ಲಿ ಮೂರು ಮಾತುಗಳಿದ್ದವು. ಒಬ್ಬರದು ಮುಗಿಯಲಿ ಎಂದು ಕಾಯುವಷ್ಟರಲ್ಲಿ ಇನ್ನೊಬ್ಬರು ಆರಂಭಿಸಿರುತ್ತಿದ್ದರು. ಒಮ್ಮೆ ಬಾಯಿ ತೆರೆದೆ, ಅರ್ಧಕ್ಕೇ ಮಾತು ಕಸಿದುಕೊಂಡರು. ದೊಡ್ಡವರ ನಡುವೆ ಬಾಯಿ ಹಾಕಬಾರದು ಎಂದು ಮನೆಯಲ್ಲಿ ಕಲಿಸಿದ್ದಾರೆ. ಒರಟಾಗದೆ ಒಳಗೆ ಹೋಗುವುದು ಹೇಗೆ?

ಕಳೆದ ವರ್ಷ ಕೆಲಸ ಸಿಕ್ಕವನು, ಹಿಂಜವಡಿ:
ಮೊದಲು ಮಾತನಾಡಿಬಿಡಿ, ಅಷ್ಟೇ. ಚರ್ಚೆ ಆರಂಭಿಸಿದವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನಾನು ಹಾಗೆಯೇ ಆಯ್ಕೆಯಾದೆ.

ನಿವೃತ್ತ ಶಿಕ್ಷಕರು, ಮುಂಬಯಿ:
ಮಗಳೇ, ಇಂಗ್ಲಿಷಿನ ಹೆದರಿಕೆ ಎಲ್ಲರಿಗೂ ಇರುತ್ತದೆ. ದಿನವೂ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದು. ಆರು ತಿಂಗಳಲ್ಲಿ ನಾಲಿಗೆ ಹಗುರಾಗುತ್ತದೆ.

ಪ್ಲೇಸ್‌ಮೆಂಟ್ ತರಬೇತುದಾರೆ, ಪುಣೆ (ಹಿಂದೆ ಕಂಪನಿಯ ಪರವಾಗಿ ಮೌಲ್ಯಮಾಪನ ಮಾಡಿದವರು):
ಮೇಷ್ಟ್ರೇ, ಆಕೆ ಕೇಳಿದ್ದು ಭಾಷೆಯ ಹೆದರಿಕೆಯ ಬಗ್ಗೆ ಅಲ್ಲ. ಹೇಳುವ ಮಾತು ಸಿದ್ಧವಿತ್ತು, ಸಂದು ಸಿಗಲಿಲ್ಲ. ಮೊದಲು ಮಾತನಾಡಿ ಎಂಬ ಸಲಹೆಯೂ ಅರ್ಧ ಸರಿ. ಆರಂಭದ ಮಾತು ವಿಷಯಕ್ಕೆ ಒಂದು ದಿಕ್ಕು ಕೊಟ್ಟರೆ ಮಾತ್ರ ನಮ್ಮ ಹಾಳೆಯಲ್ಲಿ ಅಂಕ ಬೀಳುತ್ತಿತ್ತು. ಅದೂ ಅಲ್ಲದೆ ಹತ್ತು ಜನರಲ್ಲಿ ಮೊದಲಿಗರಾಗುವುದು ಒಬ್ಬರೇ.

ತಂಗಿ, ನಿಮ್ಮ ಕಿವಿ ತಪ್ಪು ಜಾಗದಲ್ಲಿ ಕಾಯುತ್ತಿದೆ. ಕನ್ನಡದಲ್ಲಿ ‘ಕಾರುಗಳಿಗೆ ಶುಲ್ಕ’ ಎನ್ನುವವರೆಗೂ ಏನೂ ತೀರ್ಮಾನವಾಗಿರುವುದಿಲ್ಲ. ‘ಹಾಕಬೇಕು’ ಎನ್ನುತ್ತಾರೋ ‘ಹಾಕಬಾರದು’ ಎನ್ನುತ್ತಾರೋ ಎಂಬುದು ಕೊನೆಯ ಪದ ಬಂದ ಮೇಲೆಯೇ ತಿಳಿಯುವುದು. ಅದಕ್ಕೇ ಪೂರ್ತಿ ಕೇಳಿ ಮಾತನಾಡುವ ರೂಢಿ ನಮ್ಮದು. ಇಂಗ್ಲಿಷಿನಲ್ಲಿ ಆ ತೀರ್ಮಾನ ವಾಕ್ಯದ ಮೊದಲಲ್ಲೇ ಬಂದಿರುತ್ತದೆ. ಉಳಿದದ್ದನ್ನು ಊಹಿಸಿ ಪಕ್ಕದವರು ಆಗಲೇ ಉಸಿರು ತೆಗೆದುಕೊಂಡಿರುತ್ತಾರೆ. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದ 2009ರ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದು ಉತ್ತರ ಹೊರಡುವ ನಡುವಿನ ಸರಾಸರಿ ಬಿಡುವು ಸೆಕೆಂಡಿನ ಐದನೆಯ ಒಂದು ಭಾಗದಷ್ಟಿತ್ತು. ಪೈಪೋಟಿಯ ಮೇಜಿನಲ್ಲಿ ಅಷ್ಟೂ ಸಿಗುವುದಿಲ್ಲ. ಪೂರ್ತಿ ಮೌನಕ್ಕಾಗಿ ಕಾದರೆ ಬಾಗಿಲು ಮುಚ್ಚಿದ ಮೇಲೆ ತಟ್ಟಿದ ಹಾಗೆ.

ನಿಮ್ಮದೇ ವಿಷಯವನ್ನು ತೆಗೆದುಕೊಳ್ಳೋಣ. ಒಬ್ಬ ಹೇಳುತ್ತಿದ್ದಾನೆ: ‘ಲಂಡನ್ನಿನಲ್ಲಿ 2003ರಿಂದ ಈ ಶುಲ್ಕವಿದೆ, ಆರಂಭದಲ್ಲಿ ಸಂಚಾರವೂ ಇಳಿಯಿತು, ಆದ್ದರಿಂದ...’ ಈ ‘ಆದ್ದರಿಂದ’ ಬಂತೆಂದರೆ ಮುಂದಿನದು ನಿಮಗೆ ಗೊತ್ತು. ಉಸಿರು ತೆಗೆದುಕೊಳ್ಳಬೇಕಾದ್ದು ಅಲ್ಲಿ. ಬೆನ್ನು ಕುರ್ಚಿಯಿಂದ ಬಿಡಿಸಿ, ಸ್ವಲ್ಪ ಮುಂದಕ್ಕೆ ಬಾಗಿ, ಅವನ ಮುಖ ನೋಡಿ. ಮೌಲ್ಯಮಾಪಕರ ಕಡೆ ನೋಡಬೇಡಿ, ಮಾತು ಕೊಡುವವನು ಅವನು. ಅವನ ದನಿ ಇಳಿಯುತ್ತದೆ, ಆಡಿಸುತ್ತಿದ್ದ ಕೈ ಮೇಜಿಗೆ ಬರುತ್ತದೆ. ಕೊನೆಯ ಪದದ ಬಾಲಕ್ಕೆ ತಾಗಿಕೊಂಡೇ ನೀವು ಹೊರಡಬೇಕು.

ನಿಮ್ಮ ಮೊದಲ ಮೂರು ನಾಲ್ಕು ಪದಗಳು ಆ ಗದ್ದಲದಲ್ಲಿ ಮುಳುಗಬಹುದು. ಆದ್ದರಿಂದ ನಿಮ್ಮ ಮುಖ್ಯ ಅಂಶವನ್ನು ಅಲ್ಲಿ ಇಡಬೇಡಿ, ಅವನ ಪದವನ್ನೇ ಎತ್ತಿಕೊಳ್ಳಿ: ‘ಲಂಡನ್ ಮಾತಿಗೆ ಒಂದು ಸೇರಿಸುತ್ತೇನೆ. ಅಲ್ಲಿ ಕಾರು ಬಿಟ್ಟವರಿಗೆ ಬಸ್ಸೂ ಸುರಂಗ ರೈಲೂ ಇದ್ದವು. ಇಲ್ಲಿ ವನಾಜ್‌ನಿಂದ ರಾಮವಾಡಿಗೆ ಮೆಟ್ರೊ ಇದೆ, ಆದರೆ ನಿಲ್ದಾಣದಿಂದ ಮನೆ ಮುಟ್ಟಿಸುವ ಬಸ್ಸು ಎಲ್ಲ ಕಡೆ ಇಲ್ಲ. ಮೊದಲು ಬಸ್ಸು, ಆಮೇಲೆ ಶುಲ್ಕ.’ ಇಂಗ್ಲಿಷಿನಲ್ಲಿ ಹೇಳಿದರೂ ಇಪ್ಪತ್ತು ಸೆಕೆಂಡಿನ ಆಸುಪಾಸು. ಮನೆಯಲ್ಲಿ ಬೇಡವೆಂದದ್ದು ಮಾತನ್ನು ಮುರಿಯುವುದನ್ನು. ಅವನ ವಾಕ್ಯ ಪೂರ್ತಿಯಾಗಿದೆ, ಅವನ ಪದಕ್ಕೆ ಮರ್ಯಾದೆಯೂ ಸಿಕ್ಕಿದೆ, ಇದು ಮುರಿದಂತಲ್ಲ.

ಇಬ್ಬರು ಒಟ್ಟಿಗೆ ಹೊರಟರೆ ಅದೇ ದನಿಯಲ್ಲಿ ಎರಡು ಮೂರು ಪದ ಮುಂದುವರಿಯಿರಿ. ಬಹಳ ಸಲ ಒಬ್ಬರು ತಾವಾಗಿಯೇ ನಿಲ್ಲುತ್ತಾರೆ. ಇಬ್ಬರೂ ನಿಲ್ಲದಿದ್ದರೆ ಬಿಟ್ಟುಕೊಡಿ, ಆದರೆ ಮೌನವಾಗಿ ಅಲ್ಲ. ‘ನೀವು ಹೇಳಿ, ನಿಮ್ಮ ನಂತರ ನಾನು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಅವರು ಮುಗಿಸಿದಾಗ ಮೇಜಿನ ಕಣ್ಣುಗಳು ನಿಮ್ಮತ್ತ ತಿರುಗುತ್ತವೆ.

ಕೆಲಸ ಹುಡುಕುತ್ತಿರುವವನು, ಮಡಗಾಂವ್:
ನನ್ನದು ತದ್ವಿರುದ್ಧ ಕಥೆ. ನನ್ನ ಗುಂಪಿನಲ್ಲಿ ಯಾರೂ ಮಾತನಾಡುತ್ತಿರಲಿಲ್ಲ, ಹನ್ನೆರಡು ನಿಮಿಷದಲ್ಲಿ ನಾಲ್ಕು ನಿಮಿಷ ನಾನೇ ಮಾತನಾಡಿದೆ. ವಿಷಯವೂ ಚೆನ್ನಾಗಿ ಗೊತ್ತಿತ್ತು. ಕೈಬಿಟ್ಟರು. ಖಾಲಿ ಜಾಗ ತುಂಬಿದ್ದು ತಪ್ಪೇ, ಮೇಡಂ?

ತರಬೇತುದಾರೆ:
ಲೆಕ್ಕ ಹಾಕಿ ನೋಡಿ. ಹನ್ನೆರಡು ನಿಮಿಷವೆಂದರೆ 720 ಸೆಕೆಂಡು, ಹತ್ತು ಜನರಿಗೆ ತಲಾ 72. ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡಿನಂತೆ ಮೂರು ಸಲ ಮಾತನಾಡಿದರೆ ನಿಮ್ಮ ಪಾಲು ಮುಗಿಯಿತು. ನಾಲ್ಕು ನಿಮಿಷವೆಂದರೆ ಮೂವರ ಪಾಲಿಗಿಂತ ಹೆಚ್ಚು. ನೀವು ನಿಲ್ಲಿಸದ ಕಾರಣಕ್ಕೇ ಉಳಿದವರು ಸುಮ್ಮನಿದ್ದಿರಬಹುದು, ಅದನ್ನು ನಾನು ಇಲ್ಲಿಂದ ಹೇಳಲಾರೆ. ಒಂದು ಗುರುತು ಕೊಡುತ್ತೇನೆ: ನೀವು ಮಾತನಾಡುವಾಗ ಕೇಳುವವರು ತಲೆಯಾಡಿಸುವುದನ್ನು ಬಿಟ್ಟು ತಮ್ಮ ಹಾಳೆ ನೋಡಲು ಆರಂಭಿಸಿದರೆ ಮಾತು ಉದ್ದವಾಗಿದೆ. ಅದೇ ವಾಕ್ಯದಲ್ಲಿ ದನಿ ಇಳಿಸಿ, ‘ಇದರ ಖರ್ಚಿನ ಬಗ್ಗೆ ನೀವು ಆಗ ಹೇಳುತ್ತಿದ್ದಿರಿ’ ಎಂದು ಒಬ್ಬರ ಕಡೆ ತಿರುಗಿ ಬಿಟ್ಟುಕೊಡಿ.

ವಿದ್ಯಾರ್ಥಿನಿ:
ಧನ್ಯವಾದ ಮೇಡಂ. ಒಳಗೆ ಹೋದ ಮೇಲೆ ಕಸಿದುಕೊಂಡರೆ?

ತರಬೇತುದಾರೆ:
ನೀವು ಎಲ್ಲಿ ಉಸಿರು ತೆಗೆದುಕೊಂಡಿರಿ ನೆನಪಿಸಿಕೊಳ್ಳಿ. ವಾಕ್ಯ ಮುಗಿಸಿ ಉಸಿರೆಳೆದಿದ್ದರೆ ಬಾಗಿಲನ್ನು ನೀವೇ ತೆರೆದುಕೊಟ್ಟಂತೆ. ‘ಆದರೆ’, ‘ಏಕೆಂದರೆ’ ಎಂಬ ಪದ ಹೇಳಿ, ಅದರ ನಂತರ ಉಸಿರು ತೆಗೆದುಕೊಳ್ಳಿ. ವಾಕ್ಯ ಅರ್ಧದಲ್ಲಿ ತೂಗುತ್ತಿರುವಾಗ ಕಸಿದವನೇ ಒರಟನಾಗಿ ಕಾಣುತ್ತಾನೆ, ಅದು ಅವನಿಗೂ ಗೊತ್ತು. ಮೊದಲೇ ‘ಎರಡು ಕಾರಣಗಳಿವೆ’ ಎಂದರೆ ಎರಡನೆಯದರವರೆಗೆ ಹೆಚ್ಚಿನವರು ಕಾಯುತ್ತಾರೆ. ಐದು ಎಂದರೆ ಯಾರೂ ಕಾಯುವುದಿಲ್ಲ. ಆದರೂ ಒಬ್ಬ ನುಗ್ಗಿದರೆ ದನಿ ಏರಿಸಬೇಡಿ. ತುಂಡಾದ ಜಾಗದಿಂದ ಎಳೆಯುವ ಬದಲು ಆ ಪದಗುಚ್ಛವನ್ನೇ ನಿಧಾನವಾಗಿ ಮತ್ತೆ ಹೇಳಿ: ‘ನಿಲ್ದಾಣದಿಂದ ಮನೆಗೆ... ನಿಲ್ದಾಣದಿಂದ ಮನೆಗೆ ಬಸ್ಸಿಲ್ಲ’ ಎಂದು.

ಆರು ಜನ ಒಟ್ಟಿಗೆ ಕೂಗುವ ಸಂತೆಯಾದರೆ ಇದಾವುದೂ ನಡೆಯುವುದಿಲ್ಲ. ಅಲ್ಲಿ ವಾಕ್ಯಗಳಿಗೆ ಕೊನೆಯೇ ಇರುವುದಿಲ್ಲ. ಕೂಗು ಇಳಿಯುವ ಕ್ಷಣಕ್ಕಾಗಿ ಕಾಯುವುದೊಂದೇ ದಾರಿ.

ಹಿಂಜವಡಿಯವನು:
ಸುಮ್ಮನಿರುವವರನ್ನು ನಾವೇ ಕರೆದು ಮಾತನಾಡಿಸಿದರೆ ಅಂಕ ಸಿಗುತ್ತದೆ. ಅದನ್ನು ಏಕೆ ಹೇಳಲಿಲ್ಲ?

ತರಬೇತುದಾರೆ:
ಸಿಗುತ್ತದೆ ಎನ್ನುವವರಿದ್ದಾರೆ, ನನ್ನ ಜೊತೆ ಕುಳಿತವರಲ್ಲೇ ಕೆಲವರು ಕೊಡುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ತಲೆ ತಗ್ಗಿಸಿ ಕುಳಿತವಳನ್ನು ‘ನೀವೂ ಏನಾದರೂ ಹೇಳಿ’ ಎಂದು ಎಲ್ಲರೆದುರು ನಿಲ್ಲಿಸಿದರೆ ಆಕೆ ಇನ್ನಷ್ಟು ಕುಗ್ಗುತ್ತಾಳೆ. ಉಸಿರೆಳೆದು ಬಾಯಿ ತೆರೆದು ಎರಡು ಸಲ ಹಿಂದೆ ಸರಿದವಳನ್ನು ಕಂಡು ದಾರಿ ಬಿಟ್ಟರೆ ಅದು ಬೇರೆ. ನೀವು ಒಪ್ಪಬೇಕೆಂದಿಲ್ಲ.

ಹಿಂಜವಡಿಯವನು:
ನನ್ನ ಅನುಭವ ಬೇರೆ, ಮೇಡಂ. ನಾನು ಕರೆದವನು ಚೆನ್ನಾಗಿಯೇ ಮಾತನಾಡಿದ.

ವಿದ್ಯಾರ್ಥಿನಿ:
ಹಾಸ್ಟೆಲಿನಲ್ಲಿ ನಾವು ಐದು ಜನ ನಾಳೆ ರಾತ್ರಿ ಅಭ್ಯಾಸ ಮಾಡುತ್ತೇವೆ. ಆರು ನಿಮಿಷ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇವೆ. ಕೇಳುವಾಗ ಏನು ಗಮನಿಸಬೇಕು?

ತರಬೇತುದಾರೆ:
ವಿಷಯವನ್ನು ಬಿಟ್ಟು ಸಂದುಗಳನ್ನು ಮಾತ್ರ ಕೇಳಿ. ನೀವು ಹೊರಟ ಪ್ರತಿ ಸಲವೂ ಹಿಂದಿನವರ ಕೊನೆಯ ಪದ ಕೇಳಿಸುತ್ತದೆಯೇ ನೋಡಿ. ಅದು ನುಂಗಿಹೋಗಿದ್ದರೆ ಬೇಗ ಹೊರಟಿದ್ದೀರಿ. ಆ ಪದದ ನಂತರ ಮೂರನೆಯವರ ದನಿ ಬಂದು, ನಿಮ್ಮದು ಅದರ ಅಡಿಯಲ್ಲಿ ಸಣ್ಣಗೆ ಕೇಳಿದರೆ ತಡವಾಗಿದೆ. ಐದು ಜನಕ್ಕೆ ಆರು ನಿಮಿಷವೆಂದರೆ ಪಾಲು ಅದೇ 72 ಸೆಕೆಂಡು, ಆದರೆ ಪೈಪೋಟಿ ಅರ್ಧ. ಎರಡು ದಿನ ಹೀಗೆ ಮಾಡಿ, ಮೂರನೆಯ ದಿನ ಪಕ್ಕದ ಕೋಣೆಯವರನ್ನೂ ಕರೆದು ಹತ್ತು ಜನ ಕುಳಿತುಕೊಳ್ಳಿ.