ಟ್ಯಾಬ್‌ಗೆ ಒಂದು ಗಂಟೆ ಮಿತಿ ಹಾಕಿದ್ದೇನೆ, ಮಗಳು ಎರಡು ಗಂಟೆ ನೋಡುತ್ತಾಳೆ

ಸಿಂಧನೂರು_ಅಪ್ಪ: ಸಾಕಾಗಿ ಹೋಗಿದೆ. ಮಗಳಿಗೆ ಆರು ವರ್ಷ. ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್‌ನಲ್ಲಿ ದಿನಕ್ಕೆ ಒಂದು ಗಂಟೆ ಮಿತಿ ಹಾಕಿದ್ದೇನೆ, ಯೂಟ್ಯೂಬ್ ಕಿಡ್ಸ್ ಹಾಕಿಕೊಟ್ಟಿದ್ದೇನೆ. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಅವಳು ಗೊಂಬೆ ಡಬ್ಬಿ ಬಿಚ್ಚುವ ವಿಡಿಯೋ ನೋಡುತ್ತಾ ಕೂತಿರುತ್ತಾಳೆ. ನನ್ನ ಫೋನಲ್ಲಿ ಮಾತ್ರ ಸರಿಯಾಗಿ ಒಂದು ಗಂಟೆ ಅಂತಲೇ ಇದೆ. ಲೆಕ್ಕ ತಾಳೆ ಆಗ್ತಿಲ್ಲ. ಏನು ಮಾಡಲಿ?

ಕೋಟೆ_ಬಳ್ಳಾರಿ: ಸಿಂಪಲ್ ಅಣ್ಣ. ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿ. ಸೆಟ್ಟಿಂಗ್ಸ್‌ನಲ್ಲಿ Private DNS ಅಂತ ಇರುತ್ತದೆ, ಅಲ್ಲಿ ಇದನ್ನು ಹಾಕಿ:

```
family.cloudflare-dns.com
```

ಕೆಟ್ಟದ್ದೆಲ್ಲ ಅಲ್ಲೇ ನಿಲ್ಲುತ್ತದೆ. ನಾನು ಮನೆಯ ರೂಟರಿಗೇ ಹಾಕಿದ್ದೇನೆ.

ಸಿಂಧನೂರು_ಅಪ್ಪ: ಹಾಕಿದೆ. ಇವತ್ತೂ ಅದೇ ಕಥೆ.

ಕೋಟೆ_ಬಳ್ಳಾರಿ: ಸ್ಪೆಲ್ಲಿಂಗ್ ತಪ್ಪಿರಬೇಕು ನೋಡಿ.

ಗಂಗಾವತಿ_ಅಕ್ಕ: ನಮ್ಮ ಹುಡುಗನಿಗೂ ಇದೇ ತೊಂದರೆ. ಎಬಿಸಿಡಿ ಆಟದ ನಡುವೆ ಜಾಹೀರಾತು ಬರುತ್ತದೆ, ಒತ್ತಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ಹಾಗಾಗಿ ಅವನ್ನೆಲ್ಲ ತೆಗೆದು ಖಾನ್ ಅಕಾಡೆಮಿ ಕಿಡ್ಸ್ ಹಾಕಿದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಎಂಟು ವರ್ಷದವರೆಗಿನ ಮಕ್ಕಳಿಗೆ ಸಾಕು. ಆದರೆ ಇಂಗ್ಲಿಷಿನಲ್ಲಿದೆ. ಕನ್ನಡ ಓದಿಸೋಕೆ ಸ್ಟೋರಿವೀವರ್ ಸೈಟಿನ ಚಿತ್ರಕಥೆ ತೆಗೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಸಿಂಧನೂರು_ಅಪ್ಪ: ಅಕ್ಕಾ, ನಂದು ಜಾಹೀರಾತಿನ ಸಮಸ್ಯೆ ಅಲ್ಲ.

ರಾಯಚೂರು_ರಿಪೇರಿ: ಡಿಎನ್‌ಎಸ್ ಬಿಡಿ. ಕೆಟ್ಟ ಸೈಟಿಗೆ ಅದು ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಯೂಟ್ಯೂಬಿನಲ್ಲಿ ಶಿಶುಗೀತೆಯೂ ಗೊಂಬೆ ಡಬ್ಬಿಯೂ ಒಂದೇ ವಿಳಾಸದಿಂದ ಬರುತ್ತವೆ. ಯಾವ ವಿಡಿಯೋ ಅಂತ ಡಿಎನ್‌ಎಸ್‌ಗೆ ಗೊತ್ತಾಗಲ್ಲ. ಗಂಟೆ ಎಣಿಸುವ ಕೆಲಸವಂತೂ ಅದರದ್ದಲ್ಲ.

ಅಣ್ಣ, ಎರಡು ಪ್ರಶ್ನೆ. ಗಂಟೆ ಮುಗಿದ ಮೇಲೆ ಟ್ಯಾಬ್ ಲಾಕ್ ಆಗುತ್ತದೋ ಇಲ್ಲವೋ? ಆ ಟ್ಯಾಬ್‌ನಲ್ಲಿ ನಿಮ್ಮ ಅಕೌಂಟ್ ಕೂಡ ಇದೆಯಾ?

ಸಿಂಧನೂರು_ಅಪ್ಪ: ಲಾಕ್ ಆಗುತ್ತದೆ, ನಾನೇ ನೋಡಿದ್ದೇನೆ. ಟ್ಯಾಬ್ ಮೊದಲು ನನ್ನದೇ ಇತ್ತು ಸರ್, ನನ್ನ ಅಕೌಂಟ್ ಇದ್ದೇ ಇರುತ್ತದಲ್ವಾ. ಅವಳಿಗೆ ಬೇರೆ ಯೂಸರ್ ಮಾಡಿಕೊಟ್ಟಿದ್ದೇನೆ.

ರಾಯಚೂರು_ರಿಪೇರಿ: ಇದನ್ನು ಮೊದಲೇ ಹೇಳಬೇಕಿತ್ತು! ಫ್ಯಾಮಿಲಿ ಲಿಂಕ್ ಎಣಿಸುವುದು ಮಗುವಿನ ಅಕೌಂಟಿನ ಹೊತ್ತನ್ನು ಮಾತ್ರ. ನಿಮ್ಮ ಯೂಸರ್‌ಗೆ ಮಿತಿಯೂ ಇಲ್ಲ, ಲೆಕ್ಕವೂ ಇಲ್ಲ. ಮೇಲಿನಿಂದ ಪರದೆ ಎಳೆದರೆ ಒಂದು ದುಂಡನೆಯ ಚಿತ್ರ ಕಾಣುತ್ತದೆ. ಅದನ್ನು ಒತ್ತಿ ನಿಮ್ಮ ಹೆಸರು ಒತ್ತಿದರೆ ಮುಗೀತು. ನಿಮ್ಮ ಯೂಸರ್‌ಗೆ ಪಿನ್ ಇದೆಯಾ?

ಸಿಂಧನೂರು_ಅಪ್ಪ: ಇಲ್ಲ. ಮನೇಲೇ ಇರೋ ಟ್ಯಾಬ್ ಅಂತ ಹಾಕಿರಲಿಲ್ಲ.

ರಾಯಚೂರು_ರಿಪೇರಿ: ಅಲ್ಲೇ ಇದೆ ನೋಡಿ. ನಿಮ್ಮ ಯೂಸರ್‌ನಲ್ಲಿ ಯೂಟ್ಯೂಬಿನ History ತೆರೆಯಿರಿ. ಗೊಂಬೆ ಡಬ್ಬಿಗಳ ಸಾಲು ಸಿಕ್ಕರೆ ಸಂಶಯ ಬೇಡ. ಆಮೇಲೆ ನಿಮ್ಮ ಯೂಸರ್‌ಗೆ ಪಿನ್ ಹಾಕಿ. ಪಟ್ಟಿಯಲ್ಲಿ Guest ಇದ್ದರೆ ಅದನ್ನೂ ತೆಗೆಯಿರಿ, ಅದಕ್ಕೂ ಮಿತಿ ಇರುವುದಿಲ್ಲ. ಇನ್ನೂ ಗಟ್ಟಿಯಾಗಬೇಕು ಅಂದರೆ ಟ್ಯಾಬ್ ಪೂರ್ತಿ ರೀಸೆಟ್ ಮಾಡಿ ಮಗಳ ಅಕೌಂಟ್ ಒಂದನ್ನೇ ಇಡಿ.

ಸಿಂಧನೂರು_ಅಪ್ಪ: History ತುಂಬಾ ಗೊಂಬೆ ಡಬ್ಬಿ! ಕೇಳಿದರೆ "ಅಪ್ಪನ ಫೋಟೋ ಒತ್ತಿದ್ರೆ ಬರ್ತದೆ" ಅಂತಾಳೆ. ಪಿನ್ ಹಾಕಿದೆ. ಟ್ಯಾಬ್‌ನಲ್ಲಿ ನಮ್ಮ ಮದುವೆ ಫೋಟೋಗಳಿವೆ, ರೀಸೆಟ್ ಸದ್ಯಕ್ಕೆ ಬೇಡ.

ಗಂಗಾವತಿ_ಅಕ್ಕ: ಯೂಟ್ಯೂಬ್ ಕಿಡ್ಸ್‌ನ ಬೀಗ ಕೂಡ ನೋಡಿಕೊಳ್ಳಿ. ಕೆಳಗಿನ ಬೀಗ ಒತ್ತಿದರೆ ಏಳೆಂಟ್ಲ ಎಷ್ಟು ಅನ್ನೋ ಥರ ಗುಣಾಕಾರ ಕೇಳುತ್ತದೆ. ನಮ್ಮತ್ತೆ ಹುಡುಗನಿಗೆ ದಿನಾ ಸಂಜೆ ಮಗ್ಗಿ ಹೇಳಿಸುತ್ತಾರೆ. ಅವನು ಐವತ್ತಾರು ಅಂತ ಒತ್ತಿ ಟೈಮರನ್ನೇ ತೆಗೆದಿದ್ದ! ಆಮೇಲೆ ಅಲ್ಲೇ ನಮ್ಮದೇ ನಾಲ್ಕಂಕಿ ಇಟ್ಟೆ.

ರಾಯಚೂರು_ರಿಪೇರಿ: ಹಹ್ಹಾ, ಸರಿಯಾದ ಮಾತು ಅಕ್ಕ. ಅದೇ ಆಪ್‌ನಲ್ಲಿ Approve content yourself ಆರಿಸಿದರೆ ಹುಡುಕುವ ಅವಕಾಶವೇ ಇರುವುದಿಲ್ಲ, ನೀವು ಒಪ್ಪಿದ ವಿಡಿಯೋ, ಚಾನೆಲ್ ಮಾತ್ರ ಕಾಣುತ್ತವೆ. ಒಂದೊಂದನ್ನೇ ಆರಿಸೋಕೆ ಅಪ್ಪ ಒಂದು ಭಾನುವಾರ ಕೂರಬೇಕು.

ಕೋಟೆ_ಬಳ್ಳಾರಿ: ಏನೇ ಹೇಳಿ, ಡಿಎನ್‌ಎಸ್ ತೆಗೀಬೇಡಿ.

ಸಿಂಧನೂರು_ಅಪ್ಪ: ಇರಲಿ ಬಿಡಿ ಅಣ್ಣ, ತೆಗೆದಿಲ್ಲ. ಮೂರು ದಿನದಿಂದ ಗಂಟೆಗೆ ಸರಿಯಾಗಿ ಟ್ಯಾಬ್ ನಿಲ್ಲುತ್ತಿದೆ. ಈಗ ಅವಳು ಅಜ್ಜಿಯ ಫೋನ್ ಹಿಡಿದಿದ್ದಾಳೆ. ಅಜ್ಜಿಗೆ ಪಿನ್ ಹಾಕಿಕೊಟ್ಟರೆ ನೆನಪಿರಲ್ಲ. ಅದಕ್ಕೆ ಏನಾದರೂ ಉಪಾಯ ಇದೆಯಾ ಸರ್?