ಶಟರ್ ಆಂಗಲ್: ಫ್ರೇಮ್ ರೇಟಿನ ‘ಅರ್ಧ’ ಅನ್ನಬೇಕಾ, ‘ಎರಡರಷ್ಟು’ ಅನ್ನಬೇಕಾ?

ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ನಮ್ಮೂರ ವಾಚನಾಲಯದ ಹುಡುಗರು ಈ ಸಲ ಬಯಲಾಟಗಳನ್ನು ವಿಡಿಯೊ ಮಾಡಿ ಇಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ಅವರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಒಂದು ವಾಕ್ಯದಲ್ಲಿ ಸಿಕ್ಕಿಬಿದ್ದಿದ್ದೇವೆ, ದಯವಿಟ್ಟು ಸಹಾಯ ಮಾಡಿ.

ಒಬ್ಬರು ಬರೆದುಕೊಟ್ಟದ್ದು: “ಶಟರ್ ವೇಗ ಫ್ರೇಮ್ ರೇಟಿನ ಅರ್ಧ ಇರಲಿ.” ಇನ್ನೊಬ್ಬರು ಅದನ್ನೇ ತಿದ್ದಿ “ಎರಡರಷ್ಟು ಇರಲಿ” ಎಂದು ಮಾಡಿದ್ದಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ನಿಯಮ. ಅದು ಅರ್ಧವೂ ಎರಡರಷ್ಟೂ ಆಗುವುದು ಹೇಗೆ? ಇನ್ನೊಂದು, ‘ಶಟರ್ ಆಂಗಲ್’ ಅನ್ನುವುದಕ್ಕೆ ‘ಶಟರ್ ಕೋನ’ ಅಂದರೆ ನಡೆಯುತ್ತದಾ? ಮತ್ತೆ, ಬೇಗ ಚಲಿಸುವ ಕೈ ವಿಡಿಯೊದಲ್ಲಿ ಎಳೆದ ಹಾಗೆ ಕಾಣುತ್ತದಲ್ಲ, ಅದಕ್ಕೆ ನೀವೆಲ್ಲ ಏನನ್ನುತ್ತೀರಿ? ‘ಮಸುಕು’ ಅಂದರೆ ಹುಡುಗರು ಫೋಕಸ್ ತಪ್ಪಿದೆ ಅಂತ ತಿಳಿಯುತ್ತಾರೆ.

ಕುಂಬಳೆಯ ಮೇಷ್ಟ್ರು

ಕೋನ ಅಂದರೆ ಸಾಕು, ಚೆನ್ನಾಗಿದೆ. ಆದರೆ ಕ್ಯಾಮೆರಾವನ್ನು ರಂಗಸ್ಥಳದ ಎದುರು ನಟ್ಟನಡುವೆ ಇಡಬೇಡಿ. ಸ್ವಲ್ಪ ಬದಿಗೆ, ಸ್ವಲ್ಪ ಎತ್ತರದಲ್ಲಿ ಇಡಿ. ಇಲ್ಲದಿದ್ದರೆ ವೇಷದ ಹಿಂದೆ ಚೆಂಡೆಯವರು ಮರೆಯಾಗುತ್ತಾರೆ.

ಮಂಜೇಶ್ವರದ ಸ್ಟುಡಿಯೊದಿಂದ

ಮೇಷ್ಟ್ರೇ, ಅವರು ಕೇಳಿದ್ದು ಕ್ಯಾಮೆರಾ ಇಡುವ ಕೋನ ಅಲ್ಲ, ಶಟರಿನದ್ದು.

ನಮ್ಮ ಕೆಲಸದಲ್ಲಿ “ಶಟರ್ ಐವತ್ತು ಇಡು” ಅನ್ನುತ್ತೇವೆ, ಅಷ್ಟೇ. ಫ್ರೇಮ್ ಇಪ್ಪತ್ತೈದು, ಶಟರ್ ಐವತ್ತು. ಹಾಗಾಗಿ ‘ಎರಡರಷ್ಟು’ ಸರಿ, ‘ಅರ್ಧ’ ತಪ್ಪು, ಅಳಿಸಿಬಿಡಿ. ಕೋನದ ಮಾತೆಲ್ಲ ರೀಲಿನ ಕಾಲದ್ದು, ಹುಡುಗರಿಗೆ ಯಾಕೆ? ಮದುವೆಯಾಗಲಿ ಆಟವಾಗಲಿ, ಐವತ್ತಕ್ಕೆ ಇಟ್ಟು ಬಿಟ್ಟರೆ ಆಯಿತು.

ಹೊಸೂರಿನಿಂದ, ಹಿಂದೆ ಸಿನಿಮಾ ಕ್ಯಾಮೆರಾ ಸಹಾಯಕ

‘ಅರ್ಧ’ ಅಳಿಸಬೇಡಿ. ಯಾವುದರ ಅರ್ಧ ಅನ್ನುವುದು ಬಿಟ್ಟುಹೋಗಿದೆ, ಅಷ್ಟೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ ಸಿಗುವ ಹೊತ್ತು 1/25 ಸೆಕೆಂಡ್. ಅದರ ಅರ್ಧ 1/50. ಅಷ್ಟು ಹೊತ್ತು ಶಟರ್ ತೆರೆದಿರಬೇಕು. ಹೊತ್ತಿನ ಲೆಕ್ಕದಲ್ಲಿ ಇದು ಅರ್ಧ. ಕ್ಯಾಮೆರಾದ ಪರದೆಯಲ್ಲಿ ಕಾಣುವ 50 ಅನ್ನುವ ಅಂಕಿಯ ಲೆಕ್ಕದಲ್ಲಿ ಎರಡರಷ್ಟು. ನಡುವೆ ‘ವೇಗ’ ಅನ್ನುವ ಮಾತು ಸೇರಿದ್ದೇ ಗೊಂದಲಕ್ಕೆ ಕಾರಣ. ‘ವೇಗ ಅರ್ಧ’ ಎಂದು ಓದಿದ ಹುಡುಗ ಹನ್ನೆರಡರ ಹತ್ತಿರ ಇಡಲು ನೋಡುತ್ತಾನೆ. ಫ್ರೇಮಿಗೆ ಇರುವುದೇ 1/25 ಸೆಕೆಂಡ್, ಅದರೊಳಗೆ 1/12 ಸೆಕೆಂಡ್ ಎಲ್ಲಿ ಹಿಡಿಯುತ್ತದೆ? ಕೆಲವು ಕ್ಯಾಮೆರಾ ಅದಕ್ಕೆ ಬಿಡುವುದೇ ಇಲ್ಲ. ಬಿಟ್ಟರೂ ಒಂದೇ ಚಿತ್ರ ಎರಡೆರಡು ಸಲ ಬಂದು ವಿಡಿಯೊ ತಡವರಿಸುತ್ತದೆ.

ಅರ್ಧವೇ ಯಾಕೆ? ಬಯಲಾಟದ್ದೇ ಲೆಕ್ಕ ಹಾಕೋಣ. ಧೀಂಗಿಣ ಹೊಡೆಯುವ ವೇಷಧಾರಿ ಸೆಕೆಂಡಿಗೆ ಒಂದು ಸುತ್ತು ಬರುತ್ತಾರೆ ಅಂತ ಇಟ್ಟುಕೊಳ್ಳಿ. ಚಾಚಿದ ಕೈಯ ತುದಿ ಮೈಯಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಸುತ್ತಿಗೆ ಅದು ಸುಮಾರು 440 ಸೆಂಟಿಮೀಟರ್ ಓಡುತ್ತದೆ. ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹದಿನೇಳೂವರೆ ಸೆಂಟಿಮೀಟರ್. 1/50ರಲ್ಲಿ ತೆಗೆದರೆ ಬೆರಳ ತುದಿ ಒಂಬತ್ತು ಸೆಂಟಿಮೀಟರಿನಷ್ಟು ಎಳೆದು ಕಾಣುತ್ತದೆ, ಉಳಿದ ಅಷ್ಟೇ ಜಾಗ ಖಾಲಿ. ಆ ಖಾಲಿಯನ್ನು ನಮ್ಮ ಕಣ್ಣು ಸಲೀಸಾಗಿ ದಾಟುತ್ತದೆ. 1/500ಕ್ಕೆ ಇಟ್ಟರೆ ಎಳೆತ ಒಂದು ಸೆಂಟಿಮೀಟರೂ ಇಲ್ಲ, ಹದಿನಾರಕ್ಕಿಂತ ಜಾಸ್ತಿ ಖಾಲಿ. ವಿಡಿಯೊ ನಿಲ್ಲಿಸಿ ನೋಡಿದರೆ ಒಂದೊಂದು ಬೆರಳೂ ಸ್ಪಷ್ಟ. ಓಡಿಸಿದರೆ ಮಾತ್ರ ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಗರಿ ಬಿದ್ದಂತೆ, ನಡುವೆ ಎರಡು ಮೂರು ಕೈ ಇದ್ದಂತೆ ಕಾಣುತ್ತದೆ. 1/25ಕ್ಕೆ ಇಟ್ಟರೆ ಖಾಲಿಯೇ ಇಲ್ಲ, ಎಲ್ಲ ಕಲಸಿಹೋಗಿ ಅಭಿನಯದ ಕೈ ಗೊತ್ತಾಗುವುದಿಲ್ಲ.

ಕೋನದ ಮಾತು ಹಳೆಯದು, ನಿಜ. ರೀಲಿನ ಕ್ಯಾಮೆರಾದಲ್ಲಿ ಫ್ರೇಮಿಗೆ ಒಂದು ಸುತ್ತು ತಿರುಗುವ ತಟ್ಟೆ ಇರುತ್ತಿತ್ತು, ಅದರ ಅರ್ಧ ಭಾಗ ತೆರೆದದ್ದು. ತೆರೆದ ಭಾಗ ಬಂದಾಗ ರೀಲಿಗೆ ಬೆಳಕು. ಮುಚ್ಚಿದ ಭಾಗ ಬಂದಾಗ ಕೊಕ್ಕೆ ರೀಲನ್ನು ಮುಂದಿನ ಫ್ರೇಮಿಗೆ ಎಳೆಯುತ್ತಿತ್ತು. ಆ ಅರ್ಧ ತಟ್ಟೆಯೇ 180 ಡಿಗ್ರಿ. ಈಗ ತಟ್ಟೆ ಇಲ್ಲ, ಆದರೂ ಈ ಅಳತೆ ಬೇಕು. ಯಾಕೆಂದರೆ ನಿಧಾನ ಓಡಿಸಲು 50 ಫ್ರೇಮಿನಲ್ಲಿ ತೆಗೆದರೆ 180 ಡಿಗ್ರಿ ಹಾಗೇ ಇರುತ್ತದೆ, ಹೊತ್ತು ತಾನಾಗಿ 1/100 ಆಗುತ್ತದೆ. ಅಲ್ಲೂ ‘ಐವತ್ತು’ ಇಟ್ಟರೆ ಅದು 360 ಡಿಗ್ರಿ, ನಿಧಾನ ಓಡಿಸಿದಾಗ ಬರೀ ಕಲಸು. ಹಾಗಾಗಿ ಹುಡುಗರಿಗೆ ಕೋನ ಕಲಿಸಿ.

ಅಕ್ಕಲಕೋಟೆಯಿಂದ

ನನ್ನದೊಂದು ಪ್ರಶ್ನೆ ರೀ. ತಂಗಿ ಮದುವೆ ಮೆರವಣಿಗೆ ಮಟಮಟ ಮಧ್ಯಾಹ್ನದಾಗ ಮೊಬೈಲಿನಿಂದ ತೆಗೆದೆವು. ಚಿತ್ರ ಗಾಜಿನಂಗ ಸ್ಪಷ್ಟ, ಆದರೆ ಕುಣಿಯುವವರು ಕಟಕಟ ಎಗರಿದಂಗ ಕಾಣ್ತಾರ. ಫ್ರೇಮ್ ಕಡಿಮೆ ಆಗಿರಬೇಕು ಅಂತ ಮೊಬೈಲ್ ಅಂಗಡಿಯವರು ಅಂದರು. ಹೌದೇನ್ರಿ?

ಹೊಸೂರಿನಿಂದ

ಅಕ್ಕಾ, ಫ್ರೇಮ್ ಕಡಿಮೆ ಆಗಿದ್ದರೆ ನಿಂತ ಜನರ ಮೇಲೆ ಕ್ಯಾಮೆರಾ ಮೆಲ್ಲಗೆ ತಿರುಗಿಸಿದರೂ ತಡವರಿಸುತ್ತಿತ್ತು. ಕೈ ಬೀಸಿದ ಒಂದು ಕಡೆ ವಿಡಿಯೊ ನಿಲ್ಲಿಸಿ ನೋಡಿ. ಬೆರಳು ಚೂಪಾಗಿದ್ದರೆ ಅದು ಶಟರಿನದ್ದೇ. ಹೆಚ್ಚಿನ ಮೊಬೈಲಿನಲ್ಲಿ ಲೆನ್ಸಿನ ಬಾಯಿ ಕಿರಿದು ಮಾಡಲು ಬರುವುದಿಲ್ಲ. ಬಿಸಿಲಿನಲ್ಲಿ ಬೆಳಕು ಜಾಸ್ತಿಯಾದರೆ ಅದು ಶಟರ್ ಹೊತ್ತನ್ನೇ ಕಡಿಮೆ ಮಾಡುತ್ತದೆ. ಪರದೆಯಲ್ಲಿ 1/3200 ಬರುತ್ತಿದ್ದರೆ, ಅರವತ್ತನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುವ ಎನ್‌ಡಿ 64 ಫಿಲ್ಟರ್ ಹಾಕಿದರೆ 1/50ಕ್ಕೆ ಬರುತ್ತದೆ. ತೆಗೆದದ್ದನ್ನು ಆಮೇಲೆ ಸರಿಮಾಡುವುದು ಕಷ್ಟ.

ಮಂಜೇಶ್ವರದಿಂದ

50 ಫ್ರೇಮಿನ ಮಾತು ಒಪ್ಪಿದೆ. ಆದರೆ ನಾವು 30 ಫ್ರೇಮ್ ತೆಗೆದಾಗ ನಿಯಮದ ಪ್ರಕಾರ 1/60 ಇಟ್ಟರೆ ಟ್ಯೂಬ್ ಲೈಟಿನ ಕೆಳಗೆ ಕಪ್ಪು ಪಟ್ಟಿ ಹಾಯುತ್ತದೆ. ನಿಯಮ ಎಲ್ಲಿ ಉಳಿಯಿತು?

ಹೊಸೂರಿನಿಂದ

ಅಲ್ಲಿ ನಿಯಮ ಬಿಡಿ. ನಮ್ಮ ಕರೆಂಟ್ 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. 1/50ರಲ್ಲಿ ಸರಿಯಾಗಿ ಎರಡು ಏರಿಳಿತ ಹಿಡಿಯುತ್ತದೆ. 1/60ರಲ್ಲಿ ಎರಡನೆಯದು ಅರ್ಧಂಬರ್ಧ. 30 ಫ್ರೇಮಿನಲ್ಲೂ 1/50 ಇಡಿ. ಅದು 216 ಡಿಗ್ರಿ, ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಎಲ್‌ಇಡಿ ಫ್ಲಡ್ ಲೈಟಿನಲ್ಲಿ ಕೆಲವು ಬೇರೆಯೇ ಲಯದಲ್ಲಿ ಮಿನುಗುತ್ತವೆ. ಆಟ ಶುರುವಾಗುವ ಮೊದಲೇ ತೆಗೆದು ನೋಡಿ.

ಕುಂಬಳೆಯ ಮೇಷ್ಟ್ರು

ಈಗ ಗೊತ್ತಾಯಿತು. ಆದರೆ ನೀವು ಇಡುವುದು ನಾಳೆ ಕಲಿಯುವವರಿಗಲ್ವಾ? ಹೆಜ್ಜೆ ಕಲಿಯುವ ಮಗು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತದೆ. ಅದಕ್ಕೆ ಕಾಲು ಎಳೆದು ಕಂಡರೆ ಏನು ಪ್ರಯೋಜನ?

ಬದಿಯಡ್ಕದಿಂದ

ಎಲ್ಲರಿಗೂ ಧನ್ಯವಾದ. ವಾಕ್ಯವನ್ನು ಹೀಗೆ ಬರೆಯುತ್ತಿದ್ದೇವೆ: “ಒಂದು ಫ್ರೇಮಿಗೆ ಸಿಗುವ ಹೊತ್ತಿನಲ್ಲಿ ಅರ್ಧ ಹೊತ್ತು ಶಟರ್ ತೆರೆದಿರಲಿ. 25 ಫ್ರೇಮಿಗೆ ಪರದೆಯಲ್ಲಿ 1/50, 50 ಫ್ರೇಮಿಗೆ 1/100.” ‘ವೇಗ’ ತೆಗೆದುಹಾಕಿದೆವು. ‘ಶಟರ್ ಕೋನ’ ಇಟ್ಟುಕೊಂಡೆವು, ಪಕ್ಕದಲ್ಲಿ ಅರ್ಧ ತಟ್ಟೆಯ ಚಿತ್ರ ಬರೆಸುತ್ತೇವೆ. ಬೀಸುವ ಕೈಯ ಮಸುಕಿಗೆ ಹೊಸೂರಿನವರು ಲೆಕ್ಕದ ನಡುವೆ ಬಳಸಿದ ‘ಎಳೆತ’ ನಮ್ಮ ಹುಡುಗರಿಗೆ ಕೂಡಲೇ ಅರ್ಥವಾಯಿತು.

ಮೇಷ್ಟ್ರ ಮಾತು ಮಾತ್ರ ಇತ್ಯರ್ಥವಾಗಿಲ್ಲ. ಹೆಜ್ಜೆಗಳ ಭಾಗವನ್ನು 25 ಫ್ರೇಮಿನಲ್ಲೇ 90 ಡಿಗ್ರಿ, ಅಂದರೆ 1/100ರಲ್ಲಿ ಬೇರೆಯಾಗಿ ತೆಗೆಯೋಣ ಅಂತ ಕೆಲವರು. ಇಡೀ ಆಟ ಒಂದೇ ತರ ಕಾಣಬೇಕು, 180 ಬಿಡುವುದು ಬೇಡ ಅಂತ ಇನ್ನು ಕೆಲವರು. ಎರಡೂ ತರ ತೆಗೆದು ನೋಡಿದವರು ಯಾರಾದರೂ ಇದ್ದರೆ ಬರೆಯಿರಿ.