ಅಪ್‌ಡೇಟ್: ಮೂರು ಅಂಶಗಳ ರಿಗ್ರೆಷನ್‌ನಲ್ಲಿ 16.5% ಬಂದಿದ್ದೇಕೆ?

ನನ್ನ ಮೂಲ ಪ್ರಶ್ನೆ: "ಫಾಮಾ-ಫ್ರೆಂಚ್ ಮೂರು ಅಂಶಗಳ ಮಾದರಿಯಲ್ಲಿ 60 ತಿಂಗಳ ರಿಗ್ರೆಷನ್ ಮಾಡಿದರೆ ಷೇರಿನ ನಿರೀಕ್ಷಿತ ಪ್ರತಿಫಲ ವರ್ಷಕ್ಕೆ 16.5% ಬರುತ್ತಿದೆ. ಇಷ್ಟೊಂದು ಯಾಕೆ?"

ಅಪ್‌ಡೇಟ್: ತಪ್ಪು ಸಿಕ್ಕಿತು. ಆಲ್ಫಾವನ್ನೂ, ಅಂದರೆ ಅಂಶಗಳು ವಿವರಿಸದೆ ಉಳಿಯುವ ರಿಗ್ರೆಷನ್‌ನ ಸ್ಥಿರಾಂಕವನ್ನೂ, ಕೂಡಿಸಿದ್ದೆ. ಸರಿಯಾದ ಸೂತ್ರದಲ್ಲಿ ಅದಕ್ಕೆ ಜಾಗವಿಲ್ಲ:

```
E(R) = RF + b*(Mkt-RF) + s*SMB + h*HML
```

ರಿಗ್ರೆಷನ್ ಕೊಟ್ಟದ್ದು b = 1.1, s = 0.4, h = −0.3. ಮಾರುಕಟ್ಟೆಯ ಅಂಶ Mkt-RF, ಸಣ್ಣ ಕಂಪನಿಗಳ ಅಂಶ SMB, ಮೌಲ್ಯ ಷೇರುಗಳ ಅಂಶ HML ಇವುಗಳ ವಾರ್ಷಿಕ ಪ್ರೀಮಿಯಂಗಳನ್ನು ಕ್ರಮವಾಗಿ 6, 2, 3 ಶೇಕಡಾ ಎಂದೂ, ಅಪಾಯರಹಿತ ದರ RF ಅನ್ನು 4 ಎಂದೂ ಇಟ್ಟುಕೊಂಡಿದ್ದೇನೆ. ಇವು ನನ್ನ ಊಹೆಗಳು; ಕಳೆದ ತಿಂಗಳ ಅಂಕಿ ಹಾಕಿದರೆ ಅರ್ಥವಿಲ್ಲ, ದೀರ್ಘಾವಧಿಯ ಸರಾಸರಿಯೇ ಬೇಕು. ಲೆಕ್ಕ: 4 + 6.6 + 0.8 − 0.9 = 10.5%.

ಉಳಿದ 6% ಪೂರ್ತಿ ಆಲ್ಫಾದ್ದು, ಅಂದರೆ ತಿಂಗಳಿಗೆ 0.5. ಅದರ ಸ್ಟ್ಯಾಂಡರ್ಡ್ ಎರರ್ 0.6, ಹಾಗಾಗಿ t ಮೌಲ್ಯ ಬರೀ 0.83. ಸೊನ್ನೆಯಿಂದ ಬೇರೆ ಎನ್ನಲೂ ಆಗದ ಸಂಖ್ಯೆಯನ್ನು ಮುಂದಿನ ವರ್ಷಗಳಿಗೂ ಎಳೆದಿದ್ದೆ!

ಇನ್ನೊಂದು ಎಚ್ಚರಿಕೆ. ಈ ಅಂಶಗಳ ದತ್ತಾಂಶ ಸಿಗುವ ಕೆನೆತ್ ಫ್ರೆಂಚ್ ಅವರ ಕಡತದಲ್ಲಿ ಅಂಕಿಗಳು ಶೇಕಡಾದಲ್ಲಿವೆ. ಷೇರಿನ ಪ್ರತಿಫಲವನ್ನು ದಶಮಾಂಶದಲ್ಲೇ ಬಿಟ್ಟರೆ b 1.1ರ ಬದಲು 0.011 ಆಗುತ್ತದೆ, ಕಂಡ ಕೂಡಲೇ ಗೊತ್ತಾಗುತ್ತದೆ. ಷೇರಿನ ಪ್ರತಿಫಲದಿಂದ RF ಕಳೆಯಲು ಮರೆತರೆ ಮಾತ್ರ ಗುಣಾಂಕಗಳು ಹೆಚ್ಚು ಕದಲುವುದಿಲ್ಲ, ಆಲ್ಫಾ ಸದ್ದಿಲ್ಲದೆ ಉಬ್ಬುತ್ತದೆ.

10.5 ಕೂಡ ಗಟ್ಟಿ ಸಂಖ್ಯೆಯಲ್ಲ. h ನ ಸ್ಟ್ಯಾಂಡರ್ಡ್ ಎರರ್ 0.25, ಅದರ ಎರಡು ಪಟ್ಟು ತೆಗೆದುಕೊಂಡರೆ ಅದೊಂದೇ ಉತ್ತರವನ್ನು ಸುಮಾರು 1.5 ಶೇಕಡಾಂಶ ಆಚೀಚೆ ಮಾಡಬಲ್ಲದು.